ಎಬಿಎಸ್ ದೀಪ ಹತ್ತಿದೆಯಾ? ಸೆನ್ಸರ್ ಬದಲಿಸುವ ಮುಂಚೆ ನಾಲ್ಕೂ ಟೈರು ಅಳೆಯಿರಿ

ಶಿವಮೊಗ್ಗದಲ್ಲಿ ನನ್ನದು ಟೈರು ಮತ್ತು ಅಲೈನ್‌ಮೆಂಟ್ ಕೆಲಸ. ಮಳೆಗಾಲ ಶುರುವಾಗುವ ಹೊತ್ತಿಗೆ ಎಲ್ಲರೂ ಟೈರು ಬದಲಿಸುತ್ತಾರೆ. ಅದಾಗಿ ಒಂದೆರಡು ವಾರಕ್ಕೆ ಒಂದು ದೂರು ತಪ್ಪದೆ ಬರುತ್ತದೆ: "ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಹತ್ತಿದೆ, ಪಕ್ಕದಲ್ಲಿ ಕಾರು ಜಾರುವ ಚಿತ್ರವೂ ಬಂದಿದೆ. ಸ್ಕ್ಯಾನರ್ ಹಾಕಿದ್ರೆ ವೀಲ್ ಸ್ಪೀಡ್ ಸೆನ್ಸರ್ ಅಂತ ಬರ್ತಿದೆ."

ಸ್ಕ್ಯಾನರ್ ಸೆನ್ಸರ್ ಹೆಸರು ಹೇಳಿದ ತಕ್ಷಣ ಸೆನ್ಸರ್ ಕೆಟ್ಟಿದೆ ಅಂತ ತೀರ್ಮಾನ ಮಾಡಬೇಡಿ. ಸೆನ್ಸರ್ ಮಾಡುವುದು ಒಂದೇ ಕೆಲಸ, ಚಕ್ರ ಎಷ್ಟು ಬೇಗ ತಿರುಗುತ್ತಿದೆ ಅಂತ ಎಣಿಸುವುದು. ಟೈರಿನ ಗಾತ್ರ ಅದಕ್ಕೆ ಗೊತ್ತಾಗುವುದಿಲ್ಲ. ನಾಲ್ಕರಲ್ಲಿ ಒಂದು ಟೈರು ದೊಡ್ಡದಿದ್ದರೆ ಅದು ನಿಧಾನ ತಿರುಗುತ್ತದೆ, ಚಿಕ್ಕದಿದ್ದರೆ ಬೇಗ ತಿರುಗುತ್ತದೆ. ಸೆನ್ಸರ್ ಸರಿಯಾಗೇ ಎಣಿಸಿ ಹೇಳುತ್ತದೆ. ಆದರೆ ಎಬಿಎಸ್ ಕಂಪ್ಯೂಟರ್ ಲೆಕ್ಕ ಹಾಕುವುದು ನಾಲ್ಕೂ ಟೈರು ಒಂದೇ ಅಳತೆಯವು ಅಂತ ನಂಬಿಕೊಂಡು. ಹಾಗಾಗಿ ಟೈರಿನ ವ್ಯತ್ಯಾಸ ಅದಕ್ಕೆ ಚಕ್ರ ಜಾರಿದ ಹಾಗೆ ಅಥವಾ ಸೆನ್ಸರ್ ಸುಳ್ಳು ಹೇಳಿದ ಹಾಗೆ ಕಾಣುತ್ತದೆ.

ಹೊಸ ಸೆನ್ಸರಿಗೆ ಸಾವಿರಗಟ್ಟಲೆ ದುಡ್ಡು ಬೇಕು. ಕೆಳಗೆ ಹೇಳುವ ಮೊದಲ ಪರೀಕ್ಷೆಗಳಿಗೆ ಚಾಕ್‌ಪೀಸ್ ಇದ್ದರೆ ಸಾಕು.

## ಮೊದಲು ನೋಡಿ: ಯಾವ ದೀಪ, ಹೇಗೆ ಹತ್ತಿದೆ

ಹಳದಿ ಬಣ್ಣದ ಕಾರು ಜಾರುವ ಚಿತ್ರ ಪಕಪಕ ಮಿನುಗಿ ಆರಿಹೋದರೆ ಟ್ರ್ಯಾಕ್ಷನ್ ಕಂಟ್ರೋಲ್ ಆಗ ಕೆಲಸ ಮಾಡಿತು ಅಂತ ಅರ್ಥ. ಮಳೆಯಲ್ಲಿ ಪಾಚಿ ಕಟ್ಟಿದ ತೋಟದ ದಾರಿಯಲ್ಲಿ ಹತ್ತುವಾಗ, ಕೆಸರಿನಿಂದ ಕಾರು ಎತ್ತುವಾಗ ಅದು ಮಿನುಗಲೇಬೇಕು. ಅದು ದೋಷ ಅಲ್ಲ. ಒಣಗಿದ ನೇರ ರಸ್ತೆಯಲ್ಲಿ ಸುಮ್ನೆ ಹೋಗುವಾಗ ಮಿನುಗಿದರೆ ಮಾತ್ರ ಯೋಚಿಸಬೇಕು.

ಅದೇ ಚಿತ್ರ ಆರದೆ ಹತ್ತಿಕೊಂಡೇ ಇದ್ದರೆ ವ್ಯವಸ್ಥೆ ತನ್ನನ್ನು ತಾನೇ ಬಂದ್ ಮಾಡಿಕೊಂಡಿದೆ. ಚಿತ್ರದ ಕೆಳಗೆ `OFF` ಅಂತ ಇದ್ದರೆ ಯಾರೋ ಬಟನ್ ಒತ್ತಿರಬಹುದು. ಮೊದಲು ಅದನ್ನು ನೋಡಿ. ಮಕ್ಕಳು ಮುಂದೆ ಕೂತಾಗ ಇದು ಆಗುತ್ತಲೇ ಇರುತ್ತದೆ.

ಹಳದಿ ಎಬಿಎಸ್ ದೀಪ ಒಂದೇ ಹತ್ತಿದ್ದರೆ ಮಾಮೂಲಿ ಬ್ರೇಕ್ ಇದೆ, ಚಕ್ರ ಲಾಕ್ ಆಗದ ಹಾಗೆ ಕಾಯುವ ಸೌಲಭ್ಯ ಇಲ್ಲ. ನಿಧಾನ ಓಡಿಸಿಕೊಂಡು ಮನೆಗೆ ಹೋಗಬಹುದು.

ಎಬಿಎಸ್ ದೀಪದ ಜೊತೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ಕಾರು ನಿಲ್ಲಿಸಿ. ಮೊದಲು ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದೆಯಾ ನೋಡಿ, ಆಮೇಲೆ ಬ್ರೇಕ್ ಆಯಿಲ್ ಮಟ್ಟ ನೋಡಿ. ಎರಡೂ ಸರಿ ಇದ್ದೂ ಕೆಂಪು ದೀಪ ಆರದಿದ್ದರೆ, ಅಥವಾ ಪೆಡಲ್ ಮೆತ್ತಗಾಗಿದ್ದರೆ, ಆ ಕಾರನ್ನು ಘಾಟಿಗೆ ಇಳಿಸಬೇಡಿ. ಎಳೆಸಿಕೊಂಡೇ ಹೋಗಿ. ಅದು ಟೈರಿನ ವಿಷಯ ಅಲ್ಲ.

## ಟೈರು ಬದಲಿಸಿದ ಮೇಲೆ ಅಥವಾ ಸ್ಟೆಪ್ನಿ ಹಾಕಿದ ಮೇಲೆ ದೀಪ ಬಂತು

ನನ್ನ ಅನುಭವದಲ್ಲಿ ಟೈರಿನಿಂದ ಬರುವ ದೂರುಗಳ ಪೈಕಿ ಇದೇ ಜಾಸ್ತಿ, ಮತ್ತು ಕಂಡುಹಿಡಿಯಲು ಇದೇ ಸುಲಭ. ಗಾಡಿ ಸುತ್ತ ಒಂದು ಸುತ್ತು ಬಂದು ನಾಲ್ಕೂ ಟೈರಿನ ಪಕ್ಕದಲ್ಲಿ ಬರೆದ ಅಳತೆ ಓದಿ. ಕೆಸರು ಮೆತ್ತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಓದಿ. ನೆನಪಿನಿಂದ ಹೇಳಬೇಡಿ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಕಂಪನಿಯ ಸ್ಟಿಕ್ಕರ್ ಇರುತ್ತದೆ. ಅಲ್ಲಿರುವ ಅಳತೆಗೂ ಟೈರಿನ ಮೇಲಿರುವುದಕ್ಕೂ ಹೋಲಿಸಿ.

`185/65 R15` ಅಂತ ಇದ್ದರೆ 185 ಅನ್ನುವುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಅನ್ನುವುದು ಆ ಅಗಲಕ್ಕೆ ಹೋಲಿಸಿದರೆ ಪಕ್ಕದ ಎತ್ತರ ಶೇಕಡಾ ಎಷ್ಟು ಅನ್ನುವುದು. 15 ಅಂದರೆ ಡಿಸ್ಕಿನ ವ್ಯಾಸ, ಇಂಚಿನಲ್ಲಿ. ಇಷ್ಟು ಗೊತ್ತಾದರೆ ಟೈರಿನ ಪೂರ್ತಿ ವ್ಯಾಸ ಮೊಬೈಲ್ ಕ್ಯಾಲ್ಕುಲೇಟರಿನಲ್ಲೇ ಸಿಗುತ್ತದೆ:

```
15 × 25.4        = 381
185 × 0.65 × 2   = 240.5
381 + 240.5      = 621.5
```

ಅಂದರೆ 621.5 ಮಿಲಿಮೀಟರ್. ಈಗ `195/65 R15` ಲೆಕ್ಕ ಹಾಕಿ ನೋಡಿ, 634.5 ಬರುತ್ತದೆ. "ಅಗಲ ಸ್ವಲ್ಪ ಜಾಸ್ತಿ ಅಷ್ಟೇ, ಡಿಸ್ಕಿಗೆ ಕೂರುತ್ತೆ" ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಕೂರುವುದು ನಿಜ. ಆದರೆ ಅಗಲ ಜಾಸ್ತಿಯಾದಾಗ ಎತ್ತರವೂ ಜಾಸ್ತಿಯಾಯಿತು, ಯಾಕೆಂದರೆ 65 ಅನ್ನುವುದು ಅಗಲದ ಶೇಕಡಾ ಲೆಕ್ಕ. ವ್ಯಾಸ 13 ಮಿಲಿಮೀಟರ್, ಅಂದರೆ ಶೇ. 2.1ರಷ್ಟು ಬೆಳೆಯಿತು.

ನಾಲ್ಕೂ ಟೈರು 195 ಆಗಿದ್ದರೆ ಈ ದೀಪ ಬರುವುದಿಲ್ಲ. ಸ್ಪೀಡೋಮೀಟರ್ ಸ್ವಲ್ಪ ಕಡಿಮೆ ತೋರಿಸುತ್ತದೆ, ಅಷ್ಟೇ. ಕಂಪ್ಯೂಟರ್ ನೋಡುವುದು ಚಕ್ರ ಚಕ್ರದ ನಡುವಿನ ವ್ಯತ್ಯಾಸವನ್ನು. ಒಂದು ಮಾತ್ರ ಬೇರೆಯಾದಾಗ ಅದಕ್ಕೆ ಸಮಸ್ಯೆ.

ಸ್ಟೆಪ್ನಿ ವಿಷಯದಲ್ಲೂ ಇದೇ ಮಾತು. ಈಗಿನ ಎಷ್ಟೋ ಕಾರುಗಳಲ್ಲಿ ಸ್ಟೆಪ್ನಿ ಚಿಕ್ಕದು. ಅದರ ಮೇಲೆ 80 ಕಿಲೋಮೀಟರ್ ವೇಗದ ಮಿತಿ ಅಂತ ಸ್ಟಿಕ್ಕರ್ ಇರುತ್ತದೆ. ಅದನ್ನು ಹಾಕಿಕೊಂಡು ವಾರಗಟ್ಟಲೆ ತಿರುಗಿದರೆ ದೀಪ ಬಂದರೂ ಆಶ್ಚರ್ಯ ಇಲ್ಲ. ಪಂಕ್ಚರ್ ಹಾಕಿಸಿ ಮೂಲ ಚಕ್ರ ಕೂರಿಸಿದರೆ ಅಲ್ಲಿಗೆ ಮುಗಿಯಿತು. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಮುಂದಿನದೇ ಪಂಕ್ಚರ್ ಆದರೆ ಹಿಂದಿನ ಒಳ್ಳೆಯ ಚಕ್ರ ಮುಂದಕ್ಕೆ ತಂದು ಚಿಕ್ಕ ಸ್ಟೆಪ್ನಿಯನ್ನು ಹಿಂದಕ್ಕೆ ಹಾಕುವುದು ವಾಸಿ. ಎರಡು ಸಲ ಜಾಕ್ ಏರಿಸಬೇಕು ನಿಜ. ಸಮತಟ್ಟು ಜಾಗ ಸಿಗುವವರೆಗೆ ಈ ಕೆಲಸಕ್ಕೆ ಕೈ ಹಾಕಬೇಡಿ. ಘಾಟಿಯ ಇಳಿಜಾರಿನಲ್ಲಿ ಜಾಕ್ ಮೇಲೆ ಕಾರು ನಿಲ್ಲುವುದಿಲ್ಲ.

## ಅಳತೆ ಎಲ್ಲಾ ಒಂದೇ, ಆದರೂ ದೀಪ ಬರುತ್ತಿದೆ

ಈಗ ಗಾಳಿ ಮತ್ತು ಸವೆತ ನೋಡಬೇಕು.

ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗ ನೋಡಿ. ರೇಡಿಯಲ್ ಟೈರಿನ ಒಳಗೆ ಉಕ್ಕಿನ ಪಟ್ಟಿ ಇರುವುದರಿಂದ ಗಾಳಿ ಹತ್ತು ಪಿಎಸ್‌ಐ ಕಡಿಮೆಯಾದರೂ ಅದು ಉರುಳುವ ಸುತ್ತಳತೆ ಶೇಕಡಾ ಒಂದರಷ್ಟೂ ಕುಗ್ಗುವುದಿಲ್ಲ. ಹಾಗಾಗಿ ಗಾಳಿಯೊಂದರಿಂದಲೇ ಎಬಿಎಸ್ ದೀಪ ಬರುವುದು ಅಪರೂಪ. ಆದರೆ ಬೇರೆ ಕಾರಣದ ಜೊತೆ ಅದೂ ಸೇರಿಕೊಳ್ಳುತ್ತದೆ. ಕೆಲವು ಕಾರುಗಳು ಟೈರಿನ ಗಾಳಿ ಕಡಿಮೆಯಾಗಿದೆ ಅಂತ ಹೇಳುವುದೂ ಇದೇ ವೀಲ್ ಸ್ಪೀಡ್ ಸೆನ್ಸರಿನ ಎಣಿಕೆ ನೋಡಿಯೇ. ಅಂಥ ಕಾರಿನಲ್ಲಿ ಒಂದು ಹೊಸ ಟೈರು ಹಾಕಿದರೂ ಗಾಳಿ ದೀಪ ಹತ್ತಬಹುದು.

ಸವೆತಕ್ಕೆ ಬೆಂಕಿಕಡ್ಡಿ ಸಾಕು. ಟೈರಿನ ನಡುವಿನ ಉದ್ದ ಗೀರಿನೊಳಗೆ ಕಡ್ಡಿ ಇಳಿಸಿ, ಮೇಲ್ಮಟ್ಟಕ್ಕೆ ಉಗುರಿನಿಂದ ಗುರುತು ಮಾಡಿ, ಸ್ಕೇಲಿನಲ್ಲಿ ಅಳೆಯಿರಿ. ಗೀರಿನ ತಳದಲ್ಲಿ ಅಲ್ಲಲ್ಲಿ ಅಡ್ಡ ದಿಣ್ಣೆ ಇರುತ್ತದೆ. ಅದು 1.6 ಮಿಲಿಮೀಟರಿನ ಗುರುತು, ಅದರ ಮೇಲೆ ಇಳಿಸಬೇಡಿ. ಹೊಸ ಕಾರ್ ಟೈರಿನಲ್ಲಿ ಸುಮಾರು 8 ಮಿಲಿಮೀಟರ್ ಆಳ ಇರುತ್ತದೆ. ಟೈರು ಸುತ್ತಲೂ ಸವೆಯುವುದರಿಂದ ಆಳ ಒಂದು ಮಿಲಿಮೀಟರ್ ಕಡಿಮೆಯಾದರೆ ವ್ಯಾಸ ಎರಡು ಮಿಲಿಮೀಟರ್ ಕಡಿಮೆಯಾಗುತ್ತದೆ. ಹೊಸ ಟೈರಿನ ಪಕ್ಕದಲ್ಲಿ ಪೂರ್ತಿ ಸವೆದ ಟೈರು ಇದ್ದರೆ ವ್ಯತ್ಯಾಸ 12–13 ಮಿಲಿಮೀಟರ್, ಹೆಚ್ಚುಕಡಿಮೆ ಶೇ. 2.

ಒಂದು ಅಂಚು ಮಾತ್ರ ಸವೆದಿದ್ದರೆ ಲೆಕ್ಕ ಬೇರೆ. ಟೈರು ಉರುಳುವ ಸುತ್ತಳತೆಯನ್ನು ಮುಖ್ಯವಾಗಿ ನಡುವಿನ ಪಟ್ಟಿ ನಿರ್ಧರಿಸುತ್ತದೆ. ಹಾಗಾಗಿ ಒಳಅಂಚು ಬೋಳಾಗಿದ್ದರೂ ಕಂಪ್ಯೂಟರಿಗೆ ಅಷ್ಟು ವ್ಯತ್ಯಾಸ ಕಾಣದಿರಬಹುದು. ಅಂಚು ಸವೆಯುವುದಕ್ಕೆ ಅಲೈನ್‌ಮೆಂಟ್ ತಪ್ಪಿರುವುದೇ ಸಾಮಾನ್ಯ ಕಾರಣ. ನಮ್ಮ ಗುಂಡಿ ರಸ್ತೆಗಳಲ್ಲಿ ಅದು ತಪ್ಪುವುದು ಹೊಸದೇನಲ್ಲ. ಅದನ್ನು ಸರಿ ಮಾಡಿಸದೆ ಹೊಸ ಟೈರು ಹಾಕಿದರೆ ಕೆಲವೇ ತಿಂಗಳಲ್ಲಿ ಮತ್ತೆ ಇದೇ ಜಾಗಕ್ಕೆ ಬರುತ್ತೀರಿ.

## ಘಾಟಿಯಲ್ಲಿ ದೀಪ ಇಲ್ಲ, ನೇರ ರಸ್ತೆಗೆ ಬಂದರೆ ಹತ್ತುತ್ತದೆ

ಈ ಲಕ್ಷಣ ಕಂಡರೆ ನನಗೆ ಮೊದಲ ಅನುಮಾನ ಟೈರಿನ ಮೇಲೆಯೇ. ಯಾಕೆ ಅಂತ ಒಂದು ಕಾರಿನ ಕಥೆಯಲ್ಲಿ ಹೇಳುತ್ತೇನೆ.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಯಜಮಾನರೊಬ್ಬರು ಬಂದಿದ್ದರು. ಮುಂದಿನ ಚಕ್ರ ಎಳೆಯುವ ಚಿಕ್ಕ ಕಾರು. "ಅಲ್ಲ ಮಾರಾಯ್ರೇ, ಮುಂದಿನ ಬಲಗಡೆ ಸೆನ್ಸರ್ ಹೊಸದು ಹಾಕ್ಸಿ ತಿಂಗಳಾಗಿಲ್ಲ. ಮತ್ತೆ ಅದೇ ದೀಪ ಬಂತಲ್ಲ?" ಅಂದರು. ಬೇರೆ ಗ್ಯಾರೇಜಿನಲ್ಲಿ ಸ್ಕ್ಯಾನ್ ಮಾಡಿದಾಗ `C0040` ಬಂದಿತ್ತು. ಮುಂದಿನ ಬಲ ಚಕ್ರದ ವೇಗದ ಸಂಕೇತಕ್ಕೆ ಸಂಬಂಧಪಟ್ಟ ಕೋಡ್ ಅದು. ಎಡ ಮುಂದಿನದಕ್ಕೆ `C0035`, ಎಡ ಹಿಂದಿನದಕ್ಕೆ `C0045`, ಬಲ ಹಿಂದಿನದಕ್ಕೆ `C0050`. ಕೆಲವು ಕಂಪನಿಗಳು ಬೇರೆ ಸಂಖ್ಯೆ ಬಳಸುತ್ತವೆ. ಕೋಡ್ ನೋಡಿ ಸೆನ್ಸರ್ ಬದಲಿಸಿದ್ದರು, ಕೋಡ್ ಅಳಿಸಿದ್ದರು. ಒಂದು ದಿನ ದೀಪ ಇರಲಿಲ್ಲ, ಮರುದಿನ ಬಂತು.

ಯಾವಾಗ ಬಂತು ಅಂತ ಕೇಳಿದೆ. "ಆಗುಂಬೆ ಘಾಟಿ ಹತ್ತಿ ಬಂದೆ, ಹದಿನಾಲ್ಕು ತಿರುವಲ್ಲೂ ಏನೂ ಇಲ್ಲ. ಶಿವಮೊಗ್ಗ ದಾಟಿ ಭದ್ರಾವತಿ ರಸ್ತೆಗೆ ಬಿದ್ದ ಮೇಲೆ ಹತ್ತಿತು" ಅಂದರು.

ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಹೋಗುತ್ತದೆ, ಒಳಗಿನದು ಕಡಿಮೆ. ಹತ್ತು ಮೀಟರ್ ತ್ರಿಜ್ಯದ ಹೇರ್‌ಪಿನ್ ತಿರುವಿನಲ್ಲಿ ಎಡಬಲ ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂತರ ಇದ್ದರೆ ಎರಡರ ವೇಗಕ್ಕೆ ಶೇ. 15ರಷ್ಟು ವ್ಯತ್ಯಾಸ ಸಹಜವಾಗಿಯೇ ಇರುತ್ತದೆ. ಅದರ ನಡುವೆ ಟೈರಿನ ಗಾತ್ರದಿಂದ ಬರುವ ಎರಡು ಮೂರು ಶೇಕಡಾ ವ್ಯತ್ಯಾಸ ಮುಚ್ಚಿಹೋಗುತ್ತದೆ. ನೇರ ರಸ್ತೆಯಲ್ಲಿ ಸ್ಟೀರಿಂಗ್ ನೆಟ್ಟಗಿದ್ದಾಗ ನಾಲ್ಕೂ ಚಕ್ರ ಒಂದೇ ವೇಗ ಹೇಳಬೇಕು. ಅಲ್ಲಿ ಒಂದು ಚಕ್ರ ಬಿಡದೆ ಹಿಂದೆ ಬೀಳುತ್ತಿದ್ದರೆ ಸ್ವಲ್ಪ ಹೊತ್ತು ಕಾದು ಕಂಪ್ಯೂಟರ್ ದೀಪ ಹತ್ತಿಸುತ್ತದೆ.

ಟೈರಿನ ಮೇಲೆ ಬರೆದದ್ದು ಓದಿದೆ. ಮೂರು `185/65 R15`, ಮುಂದಿನ ಬಲಗಡೆಯದು `195/65 R15`. ಕೇಳಿದಾಗ ಯಜಮಾನರಿಗೆ ನೆನಪಾಯಿತು. ಉಡುಪಿಗೆ ಹೋಗುವಾಗ ಹೆಬ್ರಿ ಹತ್ತಿರ ಟೈರಿನ ಪಕ್ಕ ಸೀಳಿತ್ತು. ಸ್ಟೆಪ್ನಿಯಲ್ಲಿ ಬಿರುಕು ಬಿಟ್ಟು ಗಾಳಿ ನಿಲ್ಲುತ್ತಿರಲಿಲ್ಲ. ಸಿಕ್ಕ ಅಂಗಡಿಯಲ್ಲಿ 185 ಇರಲಿಲ್ಲ, 195 ಹಾಕಿ ಕಳಿಸಿದರು.

ಬೆಂಕಿಕಡ್ಡಿ ಇಳಿಸಿ ನೋಡಿದರೆ ಹಳೆಯ ಮೂರರಲ್ಲೂ ಆಳ 4 ಮಿಲಿಮೀಟರ್. ಅಂದರೆ ಅವುಗಳ ವ್ಯಾಸ 621.5ರಿಂದ 613.5ಕ್ಕೆ ಇಳಿದಿದೆ. ಹೊಸ 195ರ ವ್ಯಾಸ 634.5. ಎರಡಕ್ಕೂ 21 ಮಿಲಿಮೀಟರ್ ವ್ಯತ್ಯಾಸ. ಅದರಲ್ಲಿ 13 ತಪ್ಪು ಅಳತೆಯಿಂದ, 8 ಸವೆತದಿಂದ. ಶೇಕಡಾ ಲೆಕ್ಕದಲ್ಲಿ 3.4. ಒಂದೊಂದೇ ಆಗಿದ್ದರೆ ಕಂಪ್ಯೂಟರ್ ಸಹಿಸಿಕೊಳ್ಳುತ್ತಿತ್ತೋ ಏನೋ, ಎರಡೂ ಸೇರಿ ಮಿತಿ ದಾಟಿತು. ಆ ಮಿತಿ ಎಷ್ಟು ಅನ್ನುವುದು ಕಾರಿನಿಂದ ಕಾರಿಗೆ ಬೇರೆ. ನಾನು ಶೇ. 2.5 ದಾಟಿದರೆ ಟೈರನ್ನೇ ಅನುಮಾನಿಸುತ್ತೇನೆ.

## ಚಾಕ್‌ಪೀಸ್ ಪರೀಕ್ಷೆ

ಲೆಕ್ಕ ಕಾಗದದ ಮೇಲಿನದು. ಒಂದೇ ಅಳತೆ ಬರೆದಿದ್ದರೂ ಕಂಪನಿಯಿಂದ ಕಂಪನಿಗೆ ಸುತ್ತಳತೆ ಸ್ವಲ್ಪ ಬೇರೆ ಇರುತ್ತದೆ. ಭಾರ, ಗಾಳಿ, ಸವೆತ ಎಲ್ಲಾ ಸೇರಿ ಟೈರು ನಿಜವಾಗಿ ಎಷ್ಟು ಉರುಳುತ್ತದೆ ಅಂತ ತಿಳಿಯಲು ಉರುಳಿಸಿಯೇ ನೋಡಬೇಕು. ಇದಕ್ಕೆ ಅಡಿಕೆ ಒಣಗಿಸುವ ಅಂಗಳದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಸಮತಟ್ಟಾಗಿರುತ್ತದೆ, ಉದ್ದವೂ ಇರುತ್ತದೆ. ಬೇಕಾಗುವುದು ನೇರವಾಗಿ ಸುಮಾರು 20 ಮೀಟರ್, ಜೊತೆಗೆ ಕಾರಿನ ಉದ್ದದಷ್ಟು ಜಾಗ.

ಮೊದಲು ನಾಲ್ಕೂ ಟೈರಿಗೆ ಸ್ಟಿಕ್ಕರಿನಲ್ಲಿ ಹೇಳಿದಷ್ಟು ಗಾಳಿ ಹೊಡಿಸಿ. ಕಾರನ್ನು ನೇರವಾಗಿ ನಿಲ್ಲಿಸಿ, ಸ್ಟೀರಿಂಗ್ ನೆಟ್ಟಗೆ ಮಾಡಿ. ನಾಲ್ಕೂ ಟೈರಿನ ಪಕ್ಕದಲ್ಲಿ, ನೆಲಕ್ಕೆ ತಾಗುವ ಜಾಗಕ್ಕೆ ಸರಿಯಾಗಿ, ಚಾಕ್‌ಪೀಸಿನಲ್ಲಿ ದಪ್ಪಗೆ ಗೆರೆ ಎಳೆಯಿರಿ. ಗಡಿಯಾರದ ಲೆಕ್ಕದಲ್ಲಿ ಎಲ್ಲಾ ಗೆರೆಯೂ ಆರು ಗಂಟೆಯಲ್ಲಿವೆ. ಒಬ್ಬರು ಮೊದಲ ಗೇರಿನಲ್ಲಿ ಮೆಲ್ಲಗೆ, ಸ್ಟೀರಿಂಗ್ ಅಲುಗಿಸದೆ ಓಡಿಸಲಿ. ಇನ್ನೊಬ್ಬರು ಹಿಂದಿನ ಒಂದು ಚಕ್ರದ ಪಕ್ಕದಲ್ಲಿ ಒಂದು ಮಾರು ದೂರದಲ್ಲಿ ನಡೆಯುತ್ತಾ, ಗೆರೆ ಕೆಳಗೆ ಬಂದ ಹಾಗೆಲ್ಲ ಎಣಿಸಲಿ. ಕಾರಿನ ಮುಂದೆ ಹಿಂದೆ ಯಾರೂ ಇರಬಾರದು, ಮಕ್ಕಳನ್ನು ಜಗಲಿ ಮೇಲೆ ಕೂರಿಸಿ. ಸರಿಯಾಗಿ ಹತ್ತು ಸುತ್ತಿಗೆ, ಆ ಗೆರೆ ಮತ್ತೆ ಆರು ಗಂಟೆಗೆ ಬಂದಾಗ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿ.

ಈಗ ಉಳಿದ ಮೂರು ಗೆರೆಗಳು ಎಲ್ಲಿವೆ ನೋಡಿ. ಹತ್ತು ಸುತ್ತಿನಲ್ಲಿ ಒಂದು ಗಂಟೆಯಷ್ಟು ಹಿಂದೆ ಅಥವಾ ಮುಂದೆ ಇದ್ದರೆ ವ್ಯತ್ಯಾಸ ಸುಮಾರು ಶೇ. 0.8. ಅಷ್ಟು ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ಗಂಟೆ ಅಂದರೆ ಶೇ. 1.7, ಸವೆತದ ವ್ಯತ್ಯಾಸಕ್ಕೆ ಅಷ್ಟು ಬರುವುದುಂಟು. ಮೂರು ಗಂಟೆ ಅಥವಾ ಜಾಸ್ತಿ ಇದ್ದರೆ ಟೈರು ಸರಿ ಮಾಡದೆ ಮುಂದಿನ ಯಾವ ಪರೀಕ್ಷೆಗೂ ಅರ್ಥ ಇಲ್ಲ. ಗೆರೆ ಸುತ್ತು ಮುಗಿಸದೆ ಹಿಂದೆ ಉಳಿದಿದ್ದರೆ ಆ ಟೈರು ದೊಡ್ಡದು. ಆರು ಗಂಟೆ ದಾಟಿ ಹೋಗಿದ್ದರೆ ಚಿಕ್ಕದು.

ನಮ್ಮ ಯಜಮಾನರ ಕಾರಿನಲ್ಲಿ ಮೂರು ಗೆರೆ ಆರು ಗಂಟೆಯ ಆಸುಪಾಸಿನಲ್ಲೇ ನಿಂತವು. ಮುಂದಿನ ಬಲಗಡೆಯದು ಎರಡು ಗಂಟೆಯ ಹತ್ತಿರ ನಿಂತಿತ್ತು. ಬಲಗಡೆಯಿಂದ ನೋಡಿದರೆ ಚಕ್ರ ಗಡಿಯಾರದ ದಿಕ್ಕಿಗೇ ತಿರುಗುತ್ತದೆ, ಹಾಗಾಗಿ ಅದಕ್ಕೆ ಸುತ್ತು ಮುಗಿಸಲು ಇನ್ನೂ ನಾಲ್ಕು ಗಂಟೆ ಬಾಕಿ. ಹತ್ತು ಸುತ್ತಿನಲ್ಲಿ ಮೂರನೇ ಒಂದು ಸುತ್ತು ಕಡಿಮೆ, ಲೆಕ್ಕದ ಶೇ. 3.4ಕ್ಕೆ ಸರಿಹೊಂದಿತು. ಯಜಮಾನರು ಬಗ್ಗಿ ಆ ಬಿಳಿ ಗೆರೆಯನ್ನೇ ನೋಡುತ್ತಾ ನಿಂತರು. "ಇಷ್ಟು ಕಣ್ಣಿಗೆ ಕಾಣೋ ಹಾಗಿದೆಯಲ್ರೀ" ಅಂದರು.

## ಸ್ಕ್ಯಾನರ್ ಇದ್ದರೆ ಏನು ನೋಡಬೇಕು

ಕೋಡ್ ಒಂದನ್ನೇ ಓದಿ ನಿಲ್ಲಿಸಬೇಡಿ. ಲೈವ್ ಡೇಟಾದಲ್ಲಿ ನಾಲ್ಕೂ ಚಕ್ರದ ವೇಗ ಒಟ್ಟಿಗೆ ನೋಡಿ. ಅಗ್ಗದ ಒಬಿಡಿ ಉಪಕರಣಗಳು ಇಂಜಿನ್ ಮಾತ್ರ ಓದುತ್ತವೆ, ಎಬಿಎಸ್ ಓದುವುದಿಲ್ಲ. ಕೊಳ್ಳುವ ಮುಂಚೆ ಕೇಳಿಕೊಳ್ಳಿ. ಓಡಿಸುವವರು ಪರದೆ ನೋಡಬಾರದು, ಅದನ್ನು ಪಕ್ಕದವರು ನೋಡಲಿ.

ಆ ಕಾರಿನಲ್ಲಿ ಮೂರು ಚಕ್ರ 30 ತೋರಿಸುವಾಗ ಬಲ ಮುಂದಿನದು 29 ತೋರಿಸುತ್ತಿತ್ತು. 60ರಲ್ಲಿ 58. ವೇಗ ಜಾಸ್ತಿಯಾದ ಹಾಗೆ ಅಂತರವೂ ಅದೇ ಲೆಕ್ಕದಲ್ಲಿ ಜಾಸ್ತಿಯಾಗುತ್ತದೆ, ಶೇಕಡಾ ಬದಲಾಗುವುದಿಲ್ಲ. ಟೈರಿನ ಗುರುತು ಇದು. ಗಾತ್ರ ಎಲ್ಲಾ ವೇಗದಲ್ಲೂ ಒಂದೇ ತಾನೇ?

ಸೆನ್ಸರ್ ಕೆಟ್ಟಾಗ ಹೀಗೆ ಇರುವುದಿಲ್ಲ. 60, 60, ಥಟ್ಟನೆ 0, ಮತ್ತೆ 60, ಆಮೇಲೆ 43 ಅಂತ ಜಿಗಿಯುತ್ತದೆ. ಅಥವಾ ನಿಧಾನ ವೇಗದಲ್ಲಿ ಸೊನ್ನೆಯಲ್ಲೇ ಇದ್ದು ಆಮೇಲೆ ಏಳುತ್ತದೆ.

## ನೇರ ರಸ್ತೆಯಲ್ಲಿ ಟ್ರ್ಯಾಕ್ಷನ್ ದೀಪ ಮಿನುಗಿ ಇಂಜಿನ್ ಎಳೆತ ಕಡಿಮೆಯಾಗುತ್ತದೆ

ಎಳೆಯುವ ಎರಡೂ ಚಕ್ರ ಚಿಕ್ಕದಾಗಿದ್ದಾಗ ಹೀಗಾಗುತ್ತದೆ. ಮುಂದಿನ ಚಕ್ರ ಎಳೆಯುವ ಕಾರಿಗೆ ಮುಂದೆ ಸವೆದ `175/65 R15`, ಹಿಂದೆ ಹೊಸ `185/65 R15` ಇದೆ ಅಂದುಕೊಳ್ಳಿ. ಮುಂದಿನದರ ವ್ಯಾಸ ಹೊಸದಾಗಿದ್ದಾಗಲೇ 608.5. ಅದರ ಮೇಲೆ ಮೂರು ಮಿಲಿಮೀಟರ್ ಸವೆತ ಸೇರಿದರೆ 602.5. ಹಿಂದಿನದು 60 ಅಂದಾಗ ಮುಂದಿನದು 62 ಅನ್ನುತ್ತದೆ. ಕಂಪ್ಯೂಟರಿಗೆ ಮುಂದಿನ ಚಕ್ರ ಜಾರಿ ಸುಮ್ನೆ ತಿರುಗುತ್ತಿದೆ ಅನ್ನಿಸುತ್ತದೆ. ಅದಕ್ಕೇ ಇಂಜಿನ್ ಶಕ್ತಿ ಇಳಿಸುತ್ತದೆ. ಆಕ್ಸಿಲರೇಟರ್ ಒತ್ತಿದರೂ ಕಾರು ಏಳುವುದಿಲ್ಲ. ಏರು ರಸ್ತೆಯಲ್ಲಿ ಲಾರಿ ದಾಟಿಸುವಾಗ ಹೀಗಾದರೆ ಅಪಾಯ. ಬಟನ್ ಒತ್ತಿ ಟ್ರ್ಯಾಕ್ಷನ್ ಬಂದ್ ಮಾಡಿಕೊಂಡು ಓಡಿಸುವವರಿದ್ದಾರೆ. ಮಳೆಗಾಲದ ಮಲೆನಾಡು ರಸ್ತೆಯಲ್ಲಿ ಅದು ಬೇಡ, ಟೈರು ಸರಿ ಮಾಡಿಸಿ.

ನಾಲ್ಕೂ ಚಕ್ರ ಎಳೆಯುವ ಗಾಡಿಯಾದರೆ ದೀಪಕ್ಕಿಂತ ದೊಡ್ಡ ಚಿಂತೆ ಇದೆ. ಮುಂದೆ ಹಿಂದೆ ಬೇರೆ ಬೇರೆ ವ್ಯಾಸದ ಟೈರು ಹಾಕಿ ಡಾಂಬರು ರಸ್ತೆಯಲ್ಲಿ ಫೋರ್‌ವೀಲ್ ಹಾಕಿದರೆ ಟ್ರಾನ್ಸ್‌ಫರ್ ಕೇಸ್ ಮತ್ತು ಶಾಫ್ಟುಗಳ ಮೇಲೆ ಬಿಗಿತ ಬೀಳುತ್ತದೆ. ಟೈರು ಸಮ ಮಾಡುವವರೆಗೆ ಟೂವೀಲ್‌ನಲ್ಲೇ ಓಡಿಸಿ. ಯಾವಾಗಲೂ ನಾಲ್ಕೂ ಎಳೆಯುವ ವ್ಯವಸ್ಥೆ ಇದ್ದರೆ ಓಡಿಸುವುದನ್ನು ಆದಷ್ಟು ಕಡಿಮೆ ಮಾಡಿ.

## ಟೈರು ಸರಿ ಇದೆ, ಆದರೂ ದೀಪ: ಆಗ ಸೆನ್ಸರ್ ಕಡೆ ಹೋಗಿ

ಚಾಕ್‌ಪೀಸ್ ಪರೀಕ್ಷೆಯಲ್ಲಿ ನಾಲ್ಕೂ ಗೆರೆ ಸಮ ಬಂದರೆ, ಲೈವ್ ಡೇಟಾ ಜಿಗಿಯುತ್ತಿದ್ದರೆ, ಅಥವಾ ಒಣ ರಸ್ತೆಯಲ್ಲಿ ಕಾರು ಇನ್ನೇನು ನಿಲ್ಲುವಾಗ ಪೆಡಲ್ ಕಾಲಿನಡಿ ಗಡಗಡ ಅಂದರೆ ಚಕ್ರದ ಹತ್ತಿರ ನೋಡಬೇಕು. ಕೊನೆಯ ಲಕ್ಷಣ ಸಾಮಾನ್ಯವಾಗಿ ಸಂಕೇತ ನಿಧಾನ ವೇಗದಲ್ಲಿ ಬಿಟ್ಟುಹೋಗುವುದರಿಂದ ಬರುತ್ತದೆ.

ಸಮತಟ್ಟು ಜಾಗ, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು, ಜಾಕ್ ಜೊತೆಗೆ ಗಟ್ಟಿ ಸ್ಟ್ಯಾಂಡ್. ಬರೀ ಜಾಕ್ ಮೇಲಿರುವ ಕಾರಿನಡಿಗೆ ಕೈ ಕೂಡ ಹಾಕಬೇಡಿ. ಘಾಟಿ ಇಳಿದು ಬಂದಿದ್ದರೆ ಬ್ರೇಕ್ ಡಿಸ್ಕ್ ಆರಲು ಅರ್ಧ ಗಂಟೆ ಬಿಡಿ.

ಮೊದಲು ವೈರು ನೋಡಿ. ನಮ್ಮ ಕಡೆ ಕಾರು ನಿಲ್ಲಿಸುವುದು ಕೊಟ್ಟಿಗೆ ಪಕ್ಕ, ಅಡಿಕೆ ಮೂಟೆಯ ಪಕ್ಕ. ಇಲಿ ವೈರು ಕಡಿಯುವುದು ಮಾಮೂಲು. ಆಮೇಲೆ ಕನೆಕ್ಟರ್ ಬಿಚ್ಚಿ ಒಳಗೆ ನೀರು, ಹಸಿರು ಕಿಲುಬು ಇದೆಯಾ ನೋಡಿ. ಸೆನ್ಸರ್ ತುದಿಗೂ ಅದರೆದುರು ಚಕ್ರದ ಜೊತೆ ತಿರುಗುವ ರಿಂಗಿಗೂ ಕೆಸರು, ಬ್ರೇಕಿನ ಕಬ್ಬಿಣದ ಪುಡಿ ಮೆತ್ತಿಕೊಂಡಿದ್ದರೆ ಮೆತ್ತನೆಯ ಬ್ರಷ್ ಮತ್ತು ನೀರಿನಲ್ಲಿ ತೆಗೆಯಿರಿ. ಸ್ಕ್ರೂಡ್ರೈವರಿನಿಂದ ಕೆರೆಯಬೇಡಿ. ಈಗಿನ ಬಹಳಷ್ಟು ಕಾರುಗಳಲ್ಲಿ ಆ ರಿಂಗು ಬೇರಿಂಗಿನ ಸೀಲಿನಲ್ಲೇ ಇರುವ ಅಯಸ್ಕಾಂತದ ಪಟ್ಟಿ. ಗೀಚಿದರೆ ಅಥವಾ ಹತ್ತಿರ ಬಲವಾದ ಅಯಸ್ಕಾಂತ ತಂದರೆ ಕೆಡುತ್ತದೆ. ಬೇರಿಂಗ್ ಬದಲಿಸಿದ ಮೇಲೆ ದೀಪ ಬಂದಿದ್ದರೆ ಆ ಪಟ್ಟಿ ಇರುವ ಮುಖವನ್ನು ತಿರುಗಿಸಿ ಕೂರಿಸಿರುವ ಸಾಧ್ಯತೆ ಇದೆ.

ಮಲ್ಟಿಮೀಟರ್ ಹಿಡಿದು ಓಂ ನೋಡುವ ಅಭ್ಯಾಸ ಹಳೆಯ ಸುರುಳಿ ಸೆನ್ಸರಿಗೆ ಮಾತ್ರ ಸರಿ. ಅದರಲ್ಲಿ ಎಡಬಲ ಎರಡನ್ನೂ ಅಳೆದು ಹೋಲಿಸಬಹುದು. ಹೊಸ ಸೆನ್ಸರಿನ ಒಳಗೆ ಎಲೆಕ್ಟ್ರಾನಿಕ್ ಚಿಪ್ ಇರುತ್ತದೆ. ಅದಕ್ಕೆ ಓಂ ಪರೀಕ್ಷೆ ಅರ್ಥ ಕೊಡುವುದಿಲ್ಲ, ಕೆಡಿಸಲೂಬಹುದು. ಯಾವ ಬಗೆಯದು ಅಂತ ಗೊತ್ತಿಲ್ಲದಿದ್ದರೆ ಇಲ್ಲಿಗೆ ನಿಲ್ಲಿಸಿ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಚಕ್ರ ತಿರುಗಿಸಿದಾಗ ಗುರ್ ಅನ್ನುವ ಸದ್ದು, ಹಿಡಿದು ಅಲುಗಿಸಿದಾಗ ಸಡಿಲ ಕಂಡರೂ ಅಷ್ಟೇ. ಬೇರಿಂಗ್ ಹೋಗಿದೆ, ಓಡಿಸಬೇಡಿ.

## ಟೈರು ಸರಿ ಮಾಡಿದ ಮೇಲೂ ದೀಪ ಆರಲಿಲ್ಲ

ಕೆಲವು ಕಾರುಗಳಲ್ಲಿ ಇಗ್ನಿಷನ್ ಬಂದ್ ಮಾಡಿ ಮತ್ತೆ ಹಾಕಿ, ಸ್ವಲ್ಪ ದೂರ ನೇರವಾಗಿ ಓಡಿಸಿದರೆ ದೀಪ ತಾನಾಗೇ ಆರುತ್ತದೆ. ಕೆಲವಕ್ಕೆ ಸ್ಕ್ಯಾನರಿನಿಂದಲೇ ಕೋಡ್ ಅಳಿಸಬೇಕು. ಚಕ್ರದ ವೇಗ ನೋಡಿ ಗಾಳಿ ಹೇಳುವ ಕಾರಿನಲ್ಲಿ ಗಾಳಿ ಸರಿ ಹೊಡಿಸಿ, ಮೆನುವಿನಲ್ಲಿ ಅಥವಾ ಬಟನ್‌ನಲ್ಲಿ ರೀಸೆಟ್ ಕೊಡಬೇಕು. ಹೊಸ ಟೈರಿನ ಲೆಕ್ಕ ಅದು ಮೊದಲಿಂದ ಕಲಿಯಬೇಕಲ್ವಾ.

ಯಜಮಾನರ ಕಾರಿಗೆ ಎರಡು ಹೊಸ `185/65 R15`, ಒಂದೇ ಕಂಪನಿಯವು, ಹಿಂದಿನ ಎರಡು ಚಕ್ರಕ್ಕೆ ಹಾಕಿದೆವು. ಹಿಂದಿದ್ದ ಹಳೆಯ ಜೋಡಿ ಮುಂದಕ್ಕೆ ಬಂತು. ಹೊಸದನ್ನು ಮುಂದೆ ಹಾಕಿ ಅಂತ ಬಹಳ ಜನ ಕೇಳುತ್ತಾರೆ. ಮಳೆಯಲ್ಲಿ ಹಿಂದಿನ ಹಿಡಿತ ತಪ್ಪಿದರೆ ಕಾರು ತಿರುಗಿಬಿಡುತ್ತದೆ, ಅದನ್ನು ಸಾಮಾನ್ಯ ಡ್ರೈವರ್ ಹಿಡಿಯಲಾರ. ಮುಂದೆ ಜಾರಿದರೆ ಕಾಲು ಎತ್ತಿ ಸುಧಾರಿಸಿಕೊಳ್ಳಬಹುದು. ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ಈಗ ಶೇ. 1.3 ವ್ಯತ್ಯಾಸ ಉಳಿಯಿತು. ಎಡಬಲ ಸಮ ಇತ್ತು. ಕೋಡ್ ಅಳಿಸಿ ಭದ್ರಾವತಿವರೆಗೆ ಹೋಗಿ ಬಂದೆವು. ದೀಪ ಬರಲಿಲ್ಲ, ಪರದೆಯಲ್ಲಿ 60ಕ್ಕೆ ನಾಲ್ಕೂ 60, 61ರಲ್ಲಿ ಆಡುತ್ತಿದ್ದವು.

ಹೊರಡುವಾಗ ಯಜಮಾನರು ಆ 195ನ್ನು ಸ್ಟೆಪ್ನಿ ಜಾಗಕ್ಕೆ ಹಾಕಿ ಅಂದರು. ಹೊಸ ಟೈರು, ಸುಮ್ನೆ ಬಿಡಲು ಮನಸ್ಸು ಬರುವುದಿಲ್ಲ. ಆದರೆ ಇನ್ನೊಮ್ಮೆ ಪಂಕ್ಚರ್ ಆದಾಗ ಅದೇ ಚಕ್ರ ಕೂತರೆ ಅದೇ ದೀಪ ಮತ್ತೆ ಬರುತ್ತದೆ. ಎಡ ಮುಂದಿನಿಂದ ಬಿಚ್ಚಿದ ಹಳೆಯ 185, ನಾಲ್ಕು ಮಿಲಿಮೀಟರ್ ಉಳಿದಿದ್ದದ್ದು, ಅದನ್ನೇ ಬಿರುಕು ಬಿಟ್ಟ ಸ್ಟೆಪ್ನಿ ತೆಗೆದು ಆ ಜಾಗಕ್ಕೆ ಇಟ್ಟೆವು. 195 ಟೈರನ್ನು ಅದೇ ಅಳತೆ ಓಡಿಸುವ ಯಾರಿಗಾದರೂ ಮಾರಲಿ ಅಂತ ಹಿಂದಿನ ಸೀಟಿನ ಮೇಲೆ ಗೋಣಿಚೀಲ ಹಾಸಿ ಇಟ್ಟು ಕಳಿಸಿದೆ.